ಡಂಬೆಲ್ ತೂಕ ಎಷ್ಟರಿಂದ ಶುರು ಮಾಡಬೇಕು? ನಮ್ಮ ಮನೆ ತಾರಸಿಯಿಂದ

ನಮಸ್ಕಾರ. ಹಾಸನದಲ್ಲಿ ಬೆಳಗ್ಗೆ ಆರೂಕಾಲು, ಮಂಜು ಇನ್ನೂ ಇಳಿದಿಲ್ಲ. ಹಿಂದೆ ಕಾಣುವ ಬಿಳಿ ಪರದೆ ಮಂಜಲ್ಲ, ಪಕ್ಕದ ಮನೆಯ ಅತ್ತೆಯವರ ಸೀರೆ. ನಿನ್ನೆ ಸಂಜೆಯಿಂದ ಒಣಗುತ್ತಲೇ ಇದೆ. ಕ್ಯಾಮೆರಾ ಸರಿಸಿದರೆ ನೀರಿನ ಟ್ಯಾಂಕ್ ಬರುತ್ತದೆ, ಹಾಗಾಗಿ ಸೀರೆಯೇ ಇರಲಿ.

ಕೆಳಗೆ ಹರಡಿರುವುದು ನನ್ನ ಸಂಸಾರ. ಎರಡು ರಾಡು, ನಾಲ್ಕು ಸ್ಟಾರ್ ನಟ್ಟು, ಒಂದಷ್ಟು ಪ್ಲೇಟು. ಜೋಡಿಸುವುದನ್ನು ನೀವೇ ನೋಡುತ್ತಿದ್ದೀರಿ. ನಾನು ಜಿಮ್ಮಿಗೆ ಹೋಗುವುದಿಲ್ಲ, ಹೇಳಿಕೊಡುವವರೂ ಇಲ್ಲ. ಶುರು ಮಾಡಿದ ದಿನ ನನಗಿದ್ದ ಪ್ರಶ್ನೆ ಒಂದೇ: ಎಷ್ಟು ಕೆಜಿ? ಕೇಳಿದವರೆಲ್ಲ ಒಂದೊಂದು ಸಂಖ್ಯೆ ಹೇಳಿದರು. "ಗಂಡಸು ಅಂದ ಮೇಲೆ ಹತ್ತು ಕೆಜಿ" ಎಂದರು ಭಾವ. "ಮೂಲೆಯಲ್ಲಿ ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ ಇದೆ, ಅದನ್ನು ಎತ್ತಿ ಡ್ರಮ್ಮಿಗೆ ಸುರಿ, ನನಗೂ ಉಪಕಾರ" ಎಂದರು ಅಮ್ಮ. ಈಗ ಯೋಚಿಸಿದರೆ ಇಬ್ಬರಲ್ಲಿ ಅಮ್ಮನ ಮಾತೇ ಸತ್ಯಕ್ಕೆ ಹತ್ತಿರ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಮೊದಲು ದುಡ್ಡಿನ ಕಥೆ. ಇದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ನಾನು ತಂದದ್ದು ಇಪ್ಪತ್ತು ಕೆಜಿ ಸೆಟ್ಟು, 1,450 ರೂಪಾಯಿ. ಮೂರು ಕೆಜಿಯ ನಾಲ್ಕು ಪ್ಲೇಟು, ಎರಡು ಕೆಜಿಯ ನಾಲ್ಕು. ರಾಡು ಸೆಟ್ಟಿನ ಲೆಕ್ಕದಲ್ಲಿ ಇಲ್ಲ ಎಂದು ಬಿಲ್ ಹಾಕುವಾಗ ಹೇಳಿದರು, ಅದಕ್ಕೆ ಬೇರೆ 450. ಅಂಗಡಿಯ ಹೆಸರು ಬೇಡ, ಅವರು ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಇದು ಕಬ್ಬಿಣದ್ದಲ್ಲ, ಹೊರಗೆ ಪ್ಲಾಸ್ಟಿಕ್, ಒಳಗೆ ಸಿಮೆಂಟ್ ತುಂಬಿದ್ದು. ಕುಲುಕಿದರೆ ಒಂದು ಪ್ಲೇಟಿನೊಳಗೆ ಏನೋ ಸರಸರ ಎನ್ನುತ್ತದೆ. ಕೇಳಿಸಿತೇ?

ಎರಡು ವಾರ ಇದರಲ್ಲೇ ಮಾಡಿದೆ. ಮೂರು ಕೆಜಿಯದನ್ನು ಆಚೆಗೊಂದು ಈಚೆಗೊಂದು ಹಾಕಿದರೆ ಆರು, ರಾಡು ಒಂದೂವರೆ, ಒಟ್ಟು ಏಳೂವರೆ. ರಾಡಿನ ತೂಕ ಸೇರಿಸುವುದನ್ನು ಬಹಳ ಜನ ಮರೆಯುತ್ತಾರೆ, ನಾನೂ ಮೊದಲ ವಾರ ಮರೆತಿದ್ದೆ. ಭುಜದ ಮೇಲಿಂದ ತಲೆಯ ಮೇಲಕ್ಕೆ ಎತ್ತುವ ಶೋಲ್ಡರ್ ಪ್ರೆಸ್ ಮಾಡುವಾಗ ಬಲಗೈ ಹತ್ತು ಸಲ ಹೋಗುತ್ತಿತ್ತು, ಎಡಗೈ ಏಳಕ್ಕೇ ನಡುಗುತ್ತಿತ್ತು. ನಾನು ಬಲಗೈಯವನು, ಎಡಗೈ ಸೋಲುವುದು ಸಹಜ ಎಂದುಕೊಂಡು ಎಡಗೈಗೆ ಮಾತ್ರ ಒಂದು ಸುತ್ತು ಜಾಸ್ತಿ ಮಾಡತೊಡಗಿದೆ. ಹಳೆಯ ರೆಕಾರ್ಡಿಂಗ್ ಇದೆ, ಇಲ್ಲಿ ನೋಡಿ. ಈ ಮುಖಭಾವಕ್ಕೆ ಕ್ಷಮೆ ಇರಲಿ.

ಮೂರನೆಯ ವಾರ ಏನೋ ಅನುಮಾನ ಬಂದು ಮೂರು ಕೆಜಿಯ ಪ್ಲೇಟುಗಳನ್ನೆಲ್ಲ ಚೀಲಕ್ಕೆ ತುಂಬಿ ಪಕ್ಕದ ಬೀದಿಯ ದಿನಸಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯ ಅಣ್ಣ ತಕ್ಕಡಿಯ ಮೇಲಿದ್ದ ಆಲೂಗಡ್ಡೆ ಬುಟ್ಟಿ ಇಳಿಸಿ, "ಇದನ್ನು ಮಾರುತ್ತೀರಾ, ಕೊಳ್ಳುತ್ತೀರಾ?" ಎಂದು ಕೇಳಿದರು. ಎಲ್ಲದರ ಮೇಲೂ ಮೂರು ಕೆಜಿ ಎಂದು ಅಚ್ಚಾಗಿತ್ತು. ತಕ್ಕಡಿ ಹೇಳಿದ್ದು: ಒಂದು 2.6, ಒಂದು 2.7, ಒಂದು 2.85, ಒಂದು 3.1. ಸರಸರ ಎನ್ನುವುದೇ 2.6. ನಾನು ಬಲಗಡೆಯ ರಾಡಿಗೆ ಹಾಕುತ್ತಿದ್ದದ್ದು ಹಗುರವಾದ ಎರಡು, ಎಡಗಡೆಗೆ ಭಾರವಾದ ಎರಡು. ಬಣ್ಣ ಸ್ವಲ್ಪ ಬೇರೆ ಎಂದು ಜೋಡಿ ಮಾಡಿಟ್ಟಿದ್ದೆ, ಅಚ್ಚುಕಟ್ಟುತನದ ಫಲ. ಲೆಕ್ಕ ಹಾಕಿ: ಬಲಗೈಯಲ್ಲಿ 6.8 ಕೆಜಿ, ಎಡಗೈಯಲ್ಲಿ 7.45. ಪಾಪದ ಎಡಗೈ ಮುಕ್ಕಾಲು ಕೆಜಿಯ ಹತ್ತಿರ ಹೆಚ್ಚು ಹೊರುತ್ತಿತ್ತು, ಅದಕ್ಕೆ ನಾನು ಶಿಕ್ಷೆಯಾಗಿ ಇನ್ನೊಂದು ಸುತ್ತು ಕೊಡುತ್ತಿದ್ದೆ!

ಅಂದು ಸಂಜೆ ಸಿಮೆಂಟ್ ಪ್ಲೇಟನ್ನು ಯಾರೂ ಕೊಳ್ಳಲೇಬಾರದು ಎಂದು ಒಂದು ವಿಡಿಯೊ ಮಾಡಿದ್ದೆ. ಹಾಕಲಿಲ್ಲ, ಒಳ್ಳೆಯದೇ ಆಯಿತು. ಬೆಳಗ್ಗೆ ಆರು ಗಂಟೆಗೆ ತಾರಸಿಯಲ್ಲಿ ಕಬ್ಬಿಣ ಇಳಿಸಿದರೆ ಕೆಳಗಿನವರು ಮೇಲೆ ಬರುತ್ತಾರೆ, ಇದು ಸದ್ದು ಮಾಡುವುದಿಲ್ಲ. ಬೆಲೆಯೂ ಕಡಿಮೆ. ತೂಗಿ, ಮಾರ್ಕರ್‌ನಲ್ಲಿ ನಿಜವಾದ ತೂಕ ಬರೆದುಕೊಂಡರೆ ತೊಂದರೆಯಿಲ್ಲ. ಈಗ 2.6 ಮತ್ತು 3.1 ಒಂದು ರಾಡಿಗೆ, 2.7 ಮತ್ತು 2.85 ಇನ್ನೊಂದಕ್ಕೆ. ಒಂದು 7.2, ಇನ್ನೊಂದು 7.05. ಮೊದಲನೆಯದು ಒಂದು ಕಡೆ ವಾಲುತ್ತದೆ, ಕೈಯನ್ನು ಭಾರದ ಬದಿಗೆ ಬೆರಳಗಲ ಸರಿಸಿ ಹಿಡಿದರೆ ನಿಲ್ಲುತ್ತದೆ.

ಸರಿ, ರಾಡು ಸಿದ್ಧವಾಯಿತು, ವಿಷಯಕ್ಕೆ ಬರುತ್ತೇನೆ. ಮೊಬೈಲನ್ನು ಬದಿಗೆ ಇಟ್ಟಿದ್ದೇನೆ, ಎದುರಿಗಲ್ಲ. ಎದುರಿನಿಂದ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ಬೆನ್ನು ಹಿಂದಕ್ಕೆ ಬಾಗುವುದು ಬದಿಯಿಂದ ಮಾತ್ರ ತಿಳಿಯುತ್ತದೆ.

ಇದು ಐದೂವರೆ ಕೆಜಿ, ಅದೇ ಶೋಲ್ಡರ್ ಪ್ರೆಸ್. ಎಣಿಸುವುದು ನಿಮಗೆ ಬಿಟ್ಟದ್ದು, ನಾನು ನೋಡಲು ಹೇಳುವುದು ವೇಗವನ್ನು. ಒಂದನೆಯದೂ ಹನ್ನೆರಡನೆಯದೂ ಒಂದೇ ಸಮನೆ ಹೋಗುತ್ತಿದೆ. ಅಂದರೆ ಇದು ನನಗೆ ಹಗುರ, ಇನ್ನೂ ಎಷ್ಟೋ ಮಾಡಬಹುದಿತ್ತು. ನಿಲ್ಲಿಸಿದೆ. ಎರಡು ನಿಮಿಷ ಸುಮ್ಮನೆ ಕೂರಬೇಕು, ಇಲ್ಲದಿದ್ದರೆ ಮುಂದಿನ ತೂಕದ ಬಗ್ಗೆ ದಣಿದ ತೋಳು ಸುಳ್ಳು ಹೇಳುತ್ತದೆ.

ಈ ಎರಡು ನಿಮಿಷದಲ್ಲಿ ಹೇಳಿಬಿಡುತ್ತೇನೆ, ಹಾಸನಾಂಬೆಯ ಬಾಗಿಲು ತೆರೆಯುವ ದಿನ ಹತ್ತಿರ ಬರುತ್ತಿದೆ. ವರ್ಷಕ್ಕೊಮ್ಮೆ ತೆರೆಯುವುದು, ಹಾಗಾಗಿ ನಮ್ಮ ಮನೆಗೆ ವರ್ಷದ ನೆಂಟರೆಲ್ಲ ಒಟ್ಟಿಗೆ ಬರುತ್ತಾರೆ. ಕಳೆದ ಸಲ ಭಾವ ಬಂದವರು ಇದೇ ತಾರಸಿಯಲ್ಲಿ ಹನ್ನೊಂದೂವರೆ ಕೆಜಿ ಹಾಕಿಕೊಂಡು ತೋಳು ಮಡಚಿದರು. ಮಡಚಿದ್ದು ತೋಳಲ್ಲ, ಸೊಂಟ. ಇಡೀ ದೇಹವನ್ನು ತೊಟ್ಟಿಲಿನಂತೆ ತೂಗಿ ಡಂಬೆಲನ್ನು ಮೇಲಕ್ಕೆ ಎಸೆದರು, ಇಳಿಯುವಾಗ ಅದು ದೊಪ್ಪನೆ ಬಿತ್ತು. ತೂಕ ಜಾಸ್ತಿಯಾಗಿದೆ ಎಂದು ತಿಳಿಯಲು ಇಳಿಯುವುದನ್ನು ನೋಡಬೇಕು. ಎತ್ತಿದ್ದನ್ನು ಎರಡು ಎಣಿಕೆಯಷ್ಟು ಹೊತ್ತು ನಿಧಾನವಾಗಿ ಇಳಿಸಲು ಆಗದಿದ್ದರೆ ಅದು ನಿಮ್ಮ ತೂಕವಲ್ಲ. ಮಾರನೆಯ ದಿನ ಅವರು ಸರತಿಯಲ್ಲಿ ಕೈ ಮುಗಿಯಲೂ ಕಷ್ಟಪಟ್ಟರು. ಆಯಿತು, ಎರಡು ನಿಮಿಷ ಕಳೆಯಿತು.

ಈಗ ಏಳರ ಆಸುಪಾಸಿನದು. ಒಂದರಿಂದ ಏಳು, ಸರಾಗ. ಎಂಟು, ನೋಡಿ, ಅರ್ಧದಲ್ಲಿ ತಡೆಯಿತು. ಒಂಬತ್ತು ಇನ್ನೂ ನಿಧಾನ. ಹತ್ತರಲ್ಲಿ ಸೊಂಟ ಒಳಕ್ಕೆ ಬಾಗಿತು, ಪಕ್ಕೆಲುಬು ಮುಂದೆ ಬಂತು. ಇಲ್ಲಿ ಚಿತ್ರ ನಿಲ್ಲಿಸಿದ್ದೇನೆ. ಭುಜ ಕೈಚೆಲ್ಲಿದ್ದರಿಂದ ಎದೆಯ ಸಹಾಯ ಕೇಳುತ್ತಿದೆ. ಹನ್ನೊಂದು ಪ್ರಯತ್ನಿಸಲಿಲ್ಲ. ಒಬ್ಬನೇ ಇರುವಾಗ ಹಿಂದೆ ನಿಂತು ಹಿಡಿಯುವವರು ಇಲ್ಲ, ತಲೆಯ ಮೇಲಿನದನ್ನು ಮುಖಕ್ಕೆ ತಂದುಕೊಳ್ಳುವ ಆಸೆಯೂ ಇಲ್ಲ.

ಹಾಗಾದರೆ ನನ್ನ ತೂಕ ಏಳೇ? ಅಲ್ಲ. ಹತ್ತು ಸಲ ಎತ್ತಿ ಇಳಿಸಿದ ಮೇಲೂ ಇನ್ನೆರಡು ಮೂರು ಸಲ ಸರಿಯಾಗಿ ಎತ್ತಲು ಮಿಕ್ಕಿರಬೇಕು. ಅಂಥ ತೂಕದಿಂದ ಶುರು. ಮೂರು ಸುತ್ತು ಮಾಡಬೇಕಲ್ಲ, ಮೊದಲ ಸುತ್ತಿನಲ್ಲೇ ಖಾಲಿಯಾದರೆ ಮೂರನೆಯದಕ್ಕೆ ಐದಾರು ಉಳಿಯುತ್ತವೆ, ಅವೂ ವಕ್ರ. ಏಳರಲ್ಲಿ ನನ್ನ ಕೊನೆ ಹತ್ತು. ಆದ್ದರಿಂದ ನನಗೆ ಬೇಕಾದದ್ದು ಆರೂವರೆ.

ಆ ಆರೂವರೆ ಈ ಸೆಟ್ಟಿನಲ್ಲಿ ಎರಡೂ ಬದಿಗೆ ಸಮನಾಗಿ ಹುಟ್ಟುವುದೇ ಇಲ್ಲ, ಅದೇ ಸಮಸ್ಯೆ. ಎರಡರ ಪ್ಲೇಟು ಹಾಕಿದರೆ ಐದೂವರೆ, ಮೂರರದು ಹಾಕಿದರೆ ಲೇಬಲಿನ ಪ್ರಕಾರ ಏಳೂವರೆ, ಎರಡೂ ಹಾಕಿದರೆ ಹನ್ನೊಂದೂವರೆ. ನಡುವೆ ಮೆಟ್ಟಿಲೇ ಇಲ್ಲ. ಏಳೂವರೆಯಿಂದ ಹನ್ನೊಂದೂವರೆಗೆ ಅಂದರೆ ಅರ್ಧಕ್ಕಿಂತ ಜಾಸ್ತಿ ಏರಿಕೆ, ಭುಜಕ್ಕೆ ಆಗದ ಮಾತು. ಅದಕ್ಕೇ ಮತ್ತೆ ಹೋಗಿ ಒಂದು ಕೆಜಿಯ ನಾಲ್ಕು, ಅರ್ಧ ಕೆಜಿಯ ನಾಲ್ಕು ಕಬ್ಬಿಣದ ಪ್ಲೇಟು ತಂದೆ. ಕಿಲೋಗೆ 140ರಂತೆ 840 ರೂಪಾಯಿ. ಆರು ಕೆಜಿಗೆ ಇಷ್ಟೊಂದಾ ಎಂದು ಅಮ್ಮ ಬಿಲ್ಲನ್ನು ಎರಡು ಸಲ ತಿರುಗಿಸಿ ನೋಡಿದರು. ಆದರೆ ನನ್ನನ್ನು ಕೇಳಿದರೆ ಮೊದಲು ಕೊಳ್ಳಬೇಕಾದದ್ದೇ ಈ ಸಣ್ಣವು. ಎರಡೂ ಬದಿಯಲ್ಲಿ ಎರಡರ ಪ್ಲೇಟಿನ ಪಕ್ಕ ಅರ್ಧದ್ದೊಂದು ಹಾಕಿದೆ, ಆರೂವರೆ ಬಂತು. ಮೂರು ಸುತ್ತಿನಲ್ಲೂ ಹನ್ನೆರಡು ಸಲ ಸಲೀಸಾಗಿ ಹೋದ ದಿನ ಅರ್ಧದ್ದನ್ನು ತೆಗೆದು ಒಂದರದು ಹಾಕುತ್ತೇನೆ, ಏಳೂವರೆ. ಆಗ ಎಣಿಕೆ ಎಂಟೊಂಬತ್ತಕ್ಕೆ ಇಳಿಯುತ್ತದೆ, ಮತ್ತೆ ಹನ್ನೆರಡಕ್ಕೆ ಹತ್ತಿಸುವುದು.

ಈಗ ಅಮ್ಮನ ಅಕ್ಕಿ ಮೂಟೆ. ಎಲ್ಲ ವ್ಯಾಯಾಮಕ್ಕೂ ಒಂದೇ ತೂಕ ಎಂಬುದೇ ತಪ್ಪು. ಇಲ್ಲಿ ನೋಡಿ, ಬೆಂಚಿನ ಮೇಲೆ ಒಂದು ಕೈ ಊರಿ ಇನ್ನೊಂದರಿಂದ ಡಂಬೆಲನ್ನು ಸೊಂಟದ ಕಡೆಗೆ ಎಳೆಯುತ್ತಿದ್ದೇನೆ. ಹನ್ನೊಂದೂವರೆ ಕೆಜಿ, ಹನ್ನೆರಡು ಸಲ, ವೇಗ ಬದಲಾಗಿಲ್ಲ. ಬೆನ್ನು ದೊಡ್ಡ ಸ್ನಾಯು, ಮೂಟೆ ಎತ್ತುವುದೂ ಬೆನ್ನು ಮತ್ತು ಕಾಲು. ಒಂದೊಂದೇ ಕೈಯಾದ್ದರಿಂದ ಎಲ್ಲ ಪ್ಲೇಟನ್ನೂ ಒಂದೇ ರಾಡಿಗೆ ಹಾಕಿಕೊಳ್ಳಬಹುದು, ನಾನು ಹದಿಮೂರೂವರೆಯಿಂದ ಶುರು ಮಾಡಿದೆ. ಅದೇ ಮನುಷ್ಯ, ಅದೇ ಬೆಳಗ್ಗೆ, ಕೈಯನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತುವುದರಲ್ಲಿ ಎರಡೂವರೆ ಕೆಜಿ. ಹೌದು, ಎರಡೂವರೆ. ಬರೀ ರಾಡು ಮತ್ತು ಎರಡು ಅರ್ಧ. ಕೈ ನೀಳವಾಗಿ ಚಾಚಿದಾಗ ಭಾರ ಭುಜದಿಂದ ದೂರ ಹೋಗುತ್ತದೆ, ತುಂಬಿದ ಕೊಡವನ್ನು ಕಂಕುಳಲ್ಲಿ ಹೊರುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ. ಇದನ್ನು ವಿಡಿಯೊದಿಂದ ತೆಗೆದುಬಿಡೋಣ ಎಂದಿದ್ದೆ, ಮರ್ಯಾದೆಯ ಪ್ರಶ್ನೆ. ಇರಲಿ.

ಸ್ನಾಯು ನೋಯುವುದಕ್ಕೂ ಕೀಲು ನೋಯುವುದಕ್ಕೂ ವ್ಯತ್ಯಾಸವಿದೆ. ಹೊಸಬರಿಗೆ ಎರಡನೆಯ, ಮೂರನೆಯ ದಿನ ಮಾಂಸಖಂಡ ಪೂರ್ತಿ ಹಿಡಿದುಕೊಳ್ಳುತ್ತದೆ, ಆಮೇಲೆ ತಾನಾಗಿ ಬಿಡುತ್ತದೆ. ಭುಜದ ಕೀಲಿನಲ್ಲಿ ಒಂದೇ ಜಾಗದಲ್ಲಿ ಚುಚ್ಚಿದರೆ ಅಲ್ಲಿಗೇ ನಿಲ್ಲಿಸಿ. ಅಪ್ಪನೂ ಶುರು ಮಾಡುತ್ತೇನೆ ಎನ್ನುತ್ತಿದ್ದಾರೆ. ಅವರಿಗೆ ರಕ್ತದೊತ್ತಡ ಇದೆ, ಉಸಿರು ಬಿಗಿಹಿಡಿದು ಎತ್ತಿದರೆ ಅದು ಆ ಕ್ಷಣಕ್ಕೆ ಇನ್ನೂ ಏರುತ್ತದೆ. ಮೊದಲು ಡಾಕ್ಟರನ್ನು ಕೇಳಿ ಬನ್ನಿ, ಆಮೇಲೆ ಬರೀ ರಾಡು ಕೊಡುತ್ತೇನೆ ಎಂದಿದ್ದೇನೆ.

ನಟ್ಟು ಬಿಗಿಮಾಡುವುದು ಮರೆಯಿತು, ಪ್ರತಿ ಸುತ್ತಿಗೂ ಮುಂಚೆ ಒಮ್ಮೆ ತಿರುಗಿಸಿ ನೋಡಿ, ಎಳೆಯುವಾಗ ಅದು ತಾನಾಗಿ ಸಡಿಲವಾಗುತ್ತದೆ. ಅತ್ತೆಯವರು ಸೀರೆ ತೆಗೆಯಲು ಮೇಲೆ ಬಂದರು. ಅತ್ತೆ, ಒಂದು ನಿಮಿಷ, ಇನ್ನೊಂದು ಸುತ್ತು ಬಾಕಿ ಇದೆ. ಇಲ್ಲ, ತೆಗೆದೇಬಿಟ್ಟರು. ಈಗ ಹಿಂದೆ ಟ್ಯಾಂಕ್ ಕಾಣುತ್ತಿದೆ, ಕ್ಯಾಮೆರಾ ನಿಲ್ಲಿಸುತ್ತೇನೆ.