ತುದಿಯಲ್ಲಿ ಕಲ್ಲು ನಿಲ್ಲುತ್ತದೆಯೇ? ಒಂದು ಪ್ರೊಜೆಕ್ಟೈಲ್ ಪ್ರಶ್ನೆ, ನಾಲ್ಕು ಆಯ್ಕೆ

(ರಾಯಚೂರಿನಲ್ಲಿ ಪಿಯು ವಿಜ್ಞಾನ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಸಿಇಟಿ ಭೌತಶಾಸ್ತ್ರದಲ್ಲಿ 60 ಪ್ರಶ್ನೆಗೆ 80 ನಿಮಿಷ. ಒಂದಕ್ಕೆ 80 ಸೆಕೆಂಡ್ ಸಿಗುತ್ತದೆ. ಇವತ್ತು ನಾವು ಒಂದೇ ಪ್ರಶ್ನೆಗೆ ಪೂರ್ತಿ ಕ್ಲಾಸ್ ಕೊಡೋಣ. ಬೋರ್ಡ್ ಮೇಲೆ ಬರೆದಿದ್ದೇನೆ, ನೋಡಿ.

ಜೋಳದ ಹೊಲದಲ್ಲಿ ಹಕ್ಕಿ ಕಾಯುವವರೊಬ್ಬರು ಕವಣೆ ಬೀಸುತ್ತಾರೆ. ಕಲ್ಲು ನೆಲಮಟ್ಟದಿಂದ, ನೆಲಕ್ಕೆ 60° ಕೋನದಲ್ಲಿ, 20 m/s ವೇಗದಿಂದ ಹೊರಡುತ್ತದೆ. ಗಾಳಿಯ ಪ್ರತಿರೋಧವನ್ನು ಕಡೆಗಣಿಸಿ. g = 10 m/s². ಕಲ್ಲು ಅತಿ ಎತ್ತರದ ಬಿಂದುವಿನಲ್ಲಿದ್ದಾಗ ಯಾವುದು ಸರಿ?

(1) ವೇಗ ಸೊನ್ನೆ, ವೇಗೋತ್ಕರ್ಷ ಸೊನ್ನೆ
(2) ವೇಗ ಸೊನ್ನೆ, ವೇಗೋತ್ಕರ್ಷ 10 m/s² ಕೆಳಮುಖವಾಗಿ
(3) ವೇಗ 10 m/s ಅಡ್ಡವಾಗಿ, ವೇಗೋತ್ಕರ್ಷ ಸೊನ್ನೆ
(4) ವೇಗ 10 m/s ಅಡ್ಡವಾಗಿ, ವೇಗೋತ್ಕರ್ಷ 10 m/s² ಕೆಳಮುಖವಾಗಿ

ಕೈ ಎತ್ತಿ ಅಂದರೆ ಎರಡನೆಯದಕ್ಕೆ ತುಂಬಾ ಕೈ ಏಳುತ್ತವೆ. ಅದಕ್ಕೆ ಕಾರಣವೂ ಇದೆ. ಅದರ ಹಿಂದಿನ ಪಾಠದಲ್ಲಿ ಚೆಂಡನ್ನು ನೆಟ್ಟಗೆ ಮೇಲಕ್ಕೆ ಎಸೆದಿರುತ್ತೀರಿ. ಅಲ್ಲಿ ತುದಿಯಲ್ಲಿ ವೇಗ ನಿಜಕ್ಕೂ ಸೊನ್ನೆ. ‘ತುದಿ ಅಂದರೆ ಸೊನ್ನೆ’ ಅಂತ ತಲೆಯಲ್ಲಿ ಕೂತುಬಿಡುತ್ತದೆ. ಪ್ರಶ್ನೆ ತೆಗೆಯುವವರಿಗೂ ಇದು ಚೆನ್ನಾಗಿ ಗೊತ್ತು. ಅದಕ್ಕೇ ಆ ಆಯ್ಕೆಯನ್ನು ಅಲ್ಲಿ ಇಟ್ಟಿರುತ್ತಾರೆ.

ಸರಿ, ಈಗ ಪ್ರಶ್ನೆಯ ಒಂದು ಸಾಲಿಗೆ ಬರೋಣ: ಗಾಳಿಯ ಪ್ರತಿರೋಧವನ್ನು ಕಡೆಗಣಿಸಿ. ಬಹಳ ಮಂದಿ ಇದನ್ನು ಓದಿಯೂ ಓದದ ಹಾಗೆ ಮುಂದಕ್ಕೆ ಹೋಗುತ್ತಾರೆ. ಆದರೆ ಅರ್ಧ ಉತ್ತರ ಅಲ್ಲೇ ಇದೆ. ಕಲ್ಲು ಕವಣೆ ಬಿಟ್ಟ ಮೇಲೆ ಅದನ್ನು ಯಾರು ಎಳೆಯುತ್ತಾರೆ, ಯಾರು ತಳ್ಳುತ್ತಾರೆ? ಕವಣೆಯ ಕೆಲಸ ಮುಗಿಯಿತು. ಗಾಳಿಯನ್ನು ನಾವೇ ಬಿಟ್ಟೆವು. ಉಳಿದಿದ್ದು ಭೂಮಿಯ ಸೆಳೆತ ಒಂದೇ. ಅದು ಕೆಳಕ್ಕೆ ಮಾತ್ರ ಎಳೆಯುತ್ತದೆ, ಅಡ್ಡಕ್ಕೆ ಎಳೆಯುವುದೇ ಇಲ್ಲ. ಹೀಗಾಗಿ ಅಡ್ಡ ದಿಕ್ಕಿನ ವೇಗ ಜಾಸ್ತಿ ಆಗುವುದಕ್ಕೂ ಕಾರಣವಿಲ್ಲ, ಕಡಿಮೆ ಆಗುವುದಕ್ಕೂ ಕಾರಣವಿಲ್ಲ. ಹೊರಡುವಾಗ ಎಷ್ಟಿತ್ತೋ ಬೀಳುವ ತನಕ ಅಷ್ಟೇ. ಕೆಳಮುಖ ವೇಗೋತ್ಕರ್ಷವೂ ಹೊರಟ ಕ್ಷಣದಿಂದ ನೆಲ ಮುಟ್ಟುವ ತನಕ 10 m/s² ಆಗಿಯೇ ಇರುತ್ತದೆ. ಕಲ್ಲು ಏರುತ್ತಿದೆಯೋ ಇಳಿಯುತ್ತಿದೆಯೋ ಭೂಮಿಗೆ ಲೆಕ್ಕಕ್ಕಿಲ್ಲ. ಕಲ್ಲಿನ ತೂಕವನ್ನು ಪ್ರಶ್ನೆಯಲ್ಲಿ ಕೊಟ್ಟಿಲ್ಲ, ಗಮನಿಸಿದ್ರಾ? ಬೇಕಾಗಿಯೂ ಇಲ್ಲ.

ಈಗ ಲೆಕ್ಕ ಹಾಕೋಣ. ಅಡ್ಡ ವೇಗ 20 × cos 60° = 10 m/s. ಲಂಬ ವೇಗ 20 × sin 60°, ಅಂದರೆ ಸುಮಾರು 17.3 m/s. ಲಂಬ ವೇಗ ಪ್ರತಿ ಸೆಕೆಂಡಿಗೆ 10ರಷ್ಟು ಇಳಿಯುತ್ತದೆ, ಆದ್ದರಿಂದ 1.73 ಸೆಕೆಂಡಿಗೆ ಅದು ಸೊನ್ನೆಯಾಗುತ್ತದೆ. ಆ ಕ್ಷಣವೇ ತುದಿ. ಎತ್ತರ 15 ಮೀಟರ್. ಅಲ್ಲಿಗೆ ಕಲ್ಲು ಅಡ್ಡಕ್ಕೆ 17.3 ಮೀಟರ್ ಹೋಗಿರುತ್ತದೆ. ಸೊನ್ನೆಯಾದದ್ದು ಲಂಬ ವೇಗ ಮಾತ್ರ. ಅಡ್ಡ ವೇಗ 10 ಹಾಗೇ ಇದೆ.

ಇಲ್ಲಿಗೆ ನಾಲ್ಕನೆಯದಕ್ಕೆ ಟಿಕ್ ಹಾಕಿ ಮುಂದೆ ಹೋಗಬಹುದು. ಆದರೆ ಪರೀಕ್ಷೆಯಲ್ಲಿ ಅನುಮಾನ ಬಂದಾಗ ಏನು ಮಾಡುತ್ತೀರಿ? ನನ್ನ ಪ್ರಕಾರ ಸೂತ್ರವನ್ನು ಮತ್ತೆ ಮತ್ತೆ ಬರೆಯುವುದಕ್ಕಿಂತ ಒಳ್ಳೆಯ ದಾರಿ ಒಂದಿದೆ. ಪ್ರತಿಯೊಂದು ಆಯ್ಕೆಯನ್ನೂ ನಿಜ ಅಂತ ನಂಬಿ. ಆಮೇಲೆ ಆ ಕಲ್ಲು ಮುಂದೆ ಯಾವ ದಾರಿ ಹಿಡಿಯುತ್ತದೆ ಅಂತ ರಫ್ ಜಾಗದಲ್ಲಿ ಒಂದು ಗೆರೆ ಎಳೆಯಿರಿ.

ಒಂದನೆಯದು: ವೇಗವೂ ಇಲ್ಲ, ವೇಗ ಬದಲಾಗುವುದೂ ಇಲ್ಲ. ಹಾಗಾದರೆ ಕಲ್ಲು 15 ಮೀಟರ್ ಎತ್ತರದಲ್ಲಿ ತೂಗುಬಿದ್ದು ಅಲ್ಲೇ ಇರಬೇಕು. ನಗು ಬರುತ್ತದೆ ಅಲ್ವಾ? ಹೊಡೆದುಹಾಕಿ.

ಮೂರನೆಯದು ಸ್ವಲ್ಪ ಜಾಣ ಆಯ್ಕೆ. ವೇಗ ಸರಿಯಾಗಿಯೇ ಕೊಟ್ಟಿದ್ದಾರೆ. ವೇಗೋತ್ಕರ್ಷ ಸೊನ್ನೆ ಅಂದರೆ ಕಲ್ಲು ಕೆಳಕ್ಕೆ ಬಾಗಬಾರದು. ಅದೇ ಎತ್ತರದಲ್ಲಿ ಅಡ್ಡಕ್ಕೆ ಹೋಗುತ್ತಲೇ ಇರಬೇಕು. ‘ಸರ್, ಸೊನ್ನೆ ಆಗೋದು ಆ ಒಂದು ಕ್ಷಣ ಮಾತ್ರ’ ಅಂತ ಯಾರಾದರೂ ವಾದ ಮಾಡುತ್ತೀರಿ. ಸರಿ, ಆ ಒಂದು ಕ್ಷಣ ಭೂಮಿಯ ಸೆಳೆತವನ್ನು ಯಾರು ತಡೆದರು? ಬೇರೆ ಬಲವೇ ಇಲ್ಲ ಅಂತ ಮೊದಲೇ ಒಪ್ಪಿಕೊಂಡಿದ್ದೇವೆ.

ಇನ್ನೂ ನಂಬಿಕೆ ಬರದಿದ್ದರೆ ತುದಿಯ ಆಚೆ ಈಚೆ ಹತ್ತಿರದಿಂದ ನೋಡಿ. ತುದಿ ಮುಟ್ಟುವುದಕ್ಕೆ 0.1 ಸೆಕೆಂಡ್ ಮುಂಚೆ ಲಂಬ ವೇಗ ಮೇಲಕ್ಕೆ 1 m/s. ತುದಿ ದಾಟಿ 0.1 ಸೆಕೆಂಡ್ ಆದಮೇಲೆ ಕೆಳಕ್ಕೆ 1 m/s. ಅಂದರೆ 0.2 ಸೆಕೆಂಡಿನಲ್ಲಿ ವೇಗ 2 m/s ಬದಲಾಯಿತು. 2 ಭಾಗಿಸು 0.2, ಬಂದದ್ದು 10. ಈ ಅಂತರವನ್ನು ಎಷ್ಟು ಚಿಕ್ಕದು ಮಾಡಿದರೂ ಉತ್ತರ 10 ಬಿಟ್ಟು ಅಲ್ಲಾಡುವುದಿಲ್ಲ. ವೇಗ ಸೊನ್ನೆ ಆಗುವುದು ಒಂದು ಮಾತು, ವೇಗ ಬದಲಾಗುವುದು ನಿಲ್ಲುವುದು ಬೇರೆ ಮಾತು. ಈ ಎರಡನ್ನೂ ಒಂದೇ ಅಂದುಕೊಂಡಾಗಲೇ ಮೂರನೆಯ ಆಯ್ಕೆ ಬಲೆ ಬೀಸುತ್ತದೆ.

ಈಗ ನಿಮ್ಮ ಪ್ರೀತಿಯ ಎರಡನೆಯದು. ತುದಿಯಲ್ಲಿ ವೇಗ ಸೊನ್ನೆ, ಮುಂದೆ ಎಳೆಯುವುದು ಕೆಳಕ್ಕೆ ಮಾತ್ರ. ಹಾಗಾದರೆ ಕಲ್ಲು ಅಡ್ಡಕ್ಕೆ ಒಂದು ಇಂಚೂ ಹೋಗದೆ ಬಾವಿಗೆ ಬಿದ್ದ ಕೊಡದ ಹಾಗೆ ನೆಟ್ಟಗೆ ಕೆಳಕ್ಕೆ ಬೀಳಬೇಕು. ಎಸೆದವರಿಂದ 17.3 ಮೀಟರ್ ದೂರಕ್ಕೆ ಬಿತ್ತು ಅಂತಾಯಿತು. ನಿಜವಾದ ಕಲ್ಲು ಬೀಳುವುದು 34.6 ಮೀಟರ್ ದೂರಕ್ಕೆ. ಕವಣೆ ಬೀಸಿದವರನ್ನು ಕೇಳಿ, ಕಲ್ಲು ಹೋದ ದಾರಿ ಬಿಲ್ಲಿನ ಹಾಗೆ ಬಾಗಿರುತ್ತದೆ, ಅರ್ಧ ದಾರಿಯಲ್ಲಿ ಮುರಿದಿರುವುದಿಲ್ಲ.

ಆದರೆ ಎರಡನೆಯದಕ್ಕೆ ಕೈ ಎತ್ತಿದವರು ನಾಚಿಕೊಳ್ಳಬೇಡಿ. ನಿಮ್ಮ ಜೊತೆ ದೊಡ್ಡ ದೊಡ್ಡವರಿದ್ದಾರೆ. 1537ರಲ್ಲಿ ಇಟಲಿಯ ಟಾರ್ಟಾಗ್ಲಿಯಾ ಎಂಬ ಗಣಿತಜ್ಞ ಫಿರಂಗಿ ಗುಂಡಿನ ದಾರಿಯ ಬಗ್ಗೆ ಬರೆದ. ಅವನು ಕೊಟ್ಟ ಚಿತ್ರದಲ್ಲಿ ಗುಂಡು ಮೊದಲು ನೆಟ್ಟಗೆ ಓರೆಯಾಗಿ ಏರುತ್ತದೆ, ಆಮೇಲೆ ಸ್ವಲ್ಪ ಬಾಗುತ್ತದೆ, ಕೊನೆಗೆ ನೆಟ್ಟಗೆ ಕೆಳಕ್ಕೆ ಬೀಳುತ್ತದೆ. ಎರಡನೆಯ ಆಯ್ಕೆಯ ದಾರಿಗೆ ಇದು ಹತ್ತಿರದ ನೆಂಟ. ಇಡೀ ದಾರಿ ಪ್ಯಾರಾಬೊಲ ಅಂತ ಗೆಲಿಲಿಯೋ ಅಚ್ಚು ಹಾಕಿಸಿದ್ದು 1638ರಲ್ಲಿ. ಅಡ್ಡ ಚಲನೆ ಬೇರೆ, ಬೀಳುವ ಚಲನೆ ಬೇರೆ, ಎರಡೂ ಒಟ್ಟಿಗೇ ನಡೆಯುತ್ತವೆ, ಒಂದನ್ನು ಇನ್ನೊಂದು ಕೆಡಿಸುವುದಿಲ್ಲ ಅನ್ನುವುದು ಅವನ ಮಾತಿನ ತಿರುಳು. ಗಾಳಿ ಅಡ್ಡಿ ಮಾಡುತ್ತದೆ ಅಂತ ಅವನಿಗೂ ಗೊತ್ತಿತ್ತು. ಗೊತ್ತಿದ್ದೇ ಪಕ್ಕಕ್ಕಿಟ್ಟ.

ನಮ್ಮೂರಿನ ಕೋಟೆಗಾಗಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಕಾದಾಡಿದ್ದು 1520ರಲ್ಲಿ. ಆ ಯುದ್ಧದಲ್ಲಿ ಫಿರಂಗಿಗಳು ಗುಡುಗಿದವು. ಗುಂಡು ಹಾರಿಸಿದವರ ಹತ್ತಿರ ಅನುಭವ ಇತ್ತು, ನಿಮ್ಮ ಪುಸ್ತಕದ ಸೂತ್ರ ಇರಲಿಲ್ಲ. ಅದು ಬರಲು ಇನ್ನೂ 118 ವರ್ಷ ಬಾಕಿ. ಮುಂದಿನ ಸಲ ಕೋಟೆ ಕಡೆ ಹೋದಾಗ ಇದನ್ನೂ ಯೋಚಿಸಿ, ಸುಮ್ನೆ ಸೆಲ್ಫಿ ತಗೊಂಡು ಬರಬೇಡಿ.

ಇದೇ ಪ್ರಶ್ನೆಗೆ ಬೇರೆ ಬಟ್ಟೆ ಹಾಕಿ ಕಳಿಸುವುದುಂಟು. ‘ತುದಿಯಲ್ಲಿ ವೇಗಕ್ಕೂ ವೇಗೋತ್ಕರ್ಷಕ್ಕೂ ನಡುವಿನ ಕೋನ ಎಷ್ಟು?’ ವೇಗ ಅಡ್ಡಕ್ಕೆ, ವೇಗೋತ್ಕರ್ಷ ಕೆಳಕ್ಕೆ, ಆದ್ದರಿಂದ 90°. ‘ದಾರಿಯುದ್ದಕ್ಕೂ 90°’ ಅನ್ನುವ ಆಯ್ಕೆ ಪಕ್ಕದಲ್ಲೇ ಕೂತಿರುತ್ತದೆ, ಅದು ತಪ್ಪು. ನಮ್ಮ ಕಲ್ಲು ಹೊರಡುವಾಗ ಆ ಕೋನ 150°, ಯಾಕೆಂದರೆ ವೇಗ ನೆಲದಿಂದ 60° ಮೇಲಕ್ಕಿದೆ, ವೇಗೋತ್ಕರ್ಷ 90° ಕೆಳಕ್ಕಿದೆ. ನೆಲ ಮುಟ್ಟುವಾಗ 30°. 150ರಿಂದ 30ಕ್ಕೆ ಇಳಿಯುತ್ತಾ ತುದಿಯಲ್ಲಿ ಮಾತ್ರ 90 ದಾಟುತ್ತದೆ. ಇನ್ನೊಂದು ವೇಷ: ‘ತುದಿಯಲ್ಲಿ ಚಲನ ಶಕ್ತಿ ಎಷ್ಟು?’ ವೇಗ 20ರಿಂದ 10ಕ್ಕೆ, ಅರ್ಧಕ್ಕೆ ಇಳಿದಿದೆ. ಶಕ್ತಿ ವೇಗದ ವರ್ಗವನ್ನು ಹಿಡಿದು ಹೋಗುತ್ತದೆ, ಆದ್ದರಿಂದ ಮೊದಲಿನ ನಾಲ್ಕನೇ ಒಂದು ಭಾಗ. ‘ಸೊನ್ನೆ’ ಅನ್ನುವ ಆಯ್ಕೆ ಇಲ್ಲೂ ಇರುತ್ತದೆ. ಹಳೆಯ ಗಿರಾಕಿ, ಗುರುತು ಹಿಡಿಯಿರಿ.

ಕೊನೆಯದಾಗಿ, ಗಾಳಿಯನ್ನು ಬಿಟ್ಟರೆ ನಿಜಕ್ಕೂ ಎಷ್ಟು ತಪ್ಪಾಗುತ್ತದೆ ಅಂತ ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. 5 ಸೆಂಟಿಮೀಟರ್ ಅಗಲದ ಗುಂಡನೆಯ ಗ್ರಾನೈಟ್ ಕಲ್ಲು ತಗೊಳ್ಳಿ. 20 m/s ವೇಗದಲ್ಲಿ ಗಾಳಿ ಅದನ್ನು ತಡೆಯುವ ಬಲ ಅದರ ತೂಕದ ಸುಮಾರು ಎಂಟನೇ ಒಂದು ಭಾಗ. ತುದಿಗೆ ಬರುವಷ್ಟರಲ್ಲಿ ವೇಗ ಅರ್ಧವಾಗಿರುತ್ತದೆ, ಆಗ ಆ ಬಲ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಕಲ್ಲಿಗೆ ನಮ್ಮ ಲೆಕ್ಕ ಅಷ್ಟೇನೂ ದೂರ ಹೋಗುವುದಿಲ್ಲ, ಬೀಳುವ ಜಾಗ ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಬ್ಯಾಡ್ಮಿಂಟನ್ ಶಟಲ್ ಅನ್ನು ಅದೇ 20 m/s ವೇಗದಲ್ಲಿ ಹೊಡೆಯಿರಿ. ಅಲ್ಲಿ ಗಾಳಿಯ ತಡೆ ತೂಕಕ್ಕಿಂತ ಹಲವು ಪಟ್ಟು ಜಾಸ್ತಿ. ಅಡ್ಡ ವೇಗ ಬೇಗನೇ ಸಾಯುತ್ತದೆ, ಏರುವ ದಾರಿ ಓರೆ, ಇಳಿಯುವ ದಾರಿ ಕಡಿದಾದದ್ದು. ಶಟಲ್ ನೋಡಿದರೆ ಟಾರ್ಟಾಗ್ಲಿಯಾನ ಚಿತ್ರ ಅಷ್ಟೇನೂ ಹುಚ್ಚು ಅನ್ನಿಸುವುದಿಲ್ಲ.

ಹಾಗಾಗಿ ಗಾಳಿಯನ್ನು ಲೆಕ್ಕಕ್ಕೆ ಹಿಡಿದರೆ ನಮ್ಮ ನಾಲ್ಕನೆಯ ಆಯ್ಕೆಯೂ ಕೆಡುತ್ತದೆ. ತುದಿಯಲ್ಲಿ ಅಡ್ಡ ವೇಗ 10ಕ್ಕಿಂತ ಕಡಿಮೆ ಇರುತ್ತದೆ. ಗಾಳಿ ಹಿಂದಕ್ಕೆ ತಳ್ಳುತ್ತಿರುವುದರಿಂದ ವೇಗೋತ್ಕರ್ಷ ನೇರ ಕೆಳಕ್ಕಿರದೆ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ‘ಗಾಳಿಯ ಪ್ರತಿರೋಧವನ್ನು ಕಡೆಗಣಿಸಿ’ ಅನ್ನುವ ಆ ಸಾಲನ್ನು ಅಳಿಸಿದರೆ ಬೋರ್ಡ್ ಮೇಲಿನ ನಾಲ್ಕರಲ್ಲಿ ಒಂದೂ ಸರಿ ಉಳಿಯುವುದಿಲ್ಲ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.