ಫೋಟೋದಲ್ಲೇ ನಕಲಿ ಹೆಲ್ಮೆಟ್ ಹಿಡಿಯೋದು ಹೇಗೆ?

ಆನ್‌ಲೈನ್‌ನಲ್ಲಿ ಹೆಲ್ಮೆಟ್ ನೋಡ್ತಾ ಇದ್ದೀರಾ? ಮುಂಭಾಗದ ಚಂದದ ಫೋಟೋ ಬಿಡಿ, ಅದರಿಂದ ಏನೂ ಗೊತ್ತಾಗಲ್ಲ. ಮಾರುವವರ ಹತ್ತಿರ ಮೂರು ಫೋಟೋ ಕೇಳಿ: ಹಿಂಭಾಗದ ಐಎಸ್‌ಐ ಗುರುತು ಹತ್ತಿರದಿಂದ, ಬಿಡಿಸಿಟ್ಟ ಗದ್ದದ ಪಟ್ಟಿ, ಮತ್ತೆ ಟ್ಯೂಬ್‌ಲೈಟ್ ಕೆಳಗೆ ಇಟ್ಟ ಹೊರಚಿಪ್ಪು. ಫ್ಲ್ಯಾಶ್ ಹಾಕಬೇಡಿ ಅಂತಲೂ ಹೇಳಿ. ಅದರ ಹೊಳಪಿನಲ್ಲಿ ಸಣ್ಣ ಅಕ್ಷರವೂ ಹೊಲಿಗೆಯೂ ಅಳಿಸಿಹೋದ ಹಾಗೆ ಕಾಣುತ್ತೆ.

ಟ್ಯೂಬ್‌ಲೈಟ್ ಯಾಕೆ ಅಂದ್ರೆ, ಅದರ ಪ್ರತಿಬಿಂಬ ಚಿಪ್ಪಿನ ಮೇಲೆ ಒಂದು ಬೆಳ್ಳಿ ಗೆರೆ ಹಾಗೆ ಬೀಳುತ್ತೆ. ಅಚ್ಚು ಚೆನ್ನಾಗಿದ್ದರೆ ಆ ಗೆರೆ ನಯವಾಗಿ ಬಾಗುತ್ತೆ. ಅಲ್ಲಲ್ಲಿ ಅಲೆ ಅಲೆಯಾಗಿ ನಡುಗಿದರೆ ಅಥವಾ ಗಾಳಿ ಕಿಂಡಿಗಳ ಸುತ್ತ ಸುಳಿ ಕಂಡರೆ ಅನುಮಾನ ಪಡಿ. ಆದರೆ ಇದೊಂದನ್ನೇ ನಂಬಬೇಡಿ. ಒಳ್ಳೆ ಬಣ್ಣ ಕೆಟ್ಟ ಪ್ಲಾಸ್ಟಿಕ್ಕನ್ನು ಮುಚ್ಚಿಬಿಡುತ್ತೆ.

ಪಟ್ಟಿಯನ್ನು ಅಷ್ಟು ಸುಲಭವಾಗಿ ಮುಚ್ಚೋಕಾಗಲ್ಲ. ಬಕಲ್ ಸೇರುವ ಜಾಗವನ್ನು ಜೂಮ್ ಮಾಡಿ ನೋಡಿ. ಅಲ್ಲಿ ಪಟ್ಟಿ ಮಡಚಿ, ಚೌಕದ ಒಳಗೆ ಅಡ್ಡ ಗೆರೆ ಎಳೆದ ಹಾಗೆ, ಇಲ್ಲವೇ ಒತ್ತೊತ್ತಾದ ಜಿಗ್‌ಜ್ಯಾಗ್ ಹೊಲಿಗೆ ಇರಬೇಕು. ನಕಲಿಯಲ್ಲಿ ಬಹಳ ಸಲ ಒಂದೇ ಒಂದು ನೇರ ಗೆರೆ ಇರುತ್ತೆ, ತುದಿಯಲ್ಲಿ ದಾರ ಜೋತಾಡ್ತಾ ಇರುತ್ತೆ. ಬಿದ್ದಾಗ ಎಳೆತವೆಲ್ಲ ಆ ಒಂದು ಸಾಲಿನ ಮೇಲೇ ಬೀಳುತ್ತೆ, ಒಂದು ಕಡೆ ದಾರ ಬಿಟ್ಟರೆ ಉಳಿದದ್ದೂ ಬಿಚ್ಚಿಕೊಳ್ಳಬಹುದು. ಹಾಗಾದರೆ ಹೆಲ್ಮೆಟ್ ತಲೆಯಿಂದ ಹಾರಿಹೋಗುತ್ತೆ. ನನ್ನ ಮಟ್ಟಿಗೆ ಮೂರು ಫೋಟೋಗಳಲ್ಲಿ ಹೆಚ್ಚು ಹೊತ್ತು ನೋಡಬೇಕಾದದ್ದು ಇದನ್ನೇ.

ಇನ್ನು ಗುರುತು. ಒಂದು ಫೋಟೋ ಹೀಗೆ ಬಂತು ಅಂತಿಟ್ಟುಕೊಳ್ಳಿ: ಐಎಸ್‌ಐ ಚಿಹ್ನೆ ಇದೆ, ಅದರ ಕೆಳಗೆ IS 4151 ಅಂತಿದೆ, ಅಷ್ಟೇ. ಇದು ತಪ್ಪು. ಹೆಲ್ಮೆಟ್‌ನ ಮಾನಕ ಸಂಖ್ಯೆಯಾದ IS 4151 ಚಿಹ್ನೆಯ ಮೇಲೆ ಇರಬೇಕು, ಕೆಳಗೆ CM/L ಅಂತ ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಆ ಸಂಖ್ಯೆ ಇಲ್ಲದ ಚಿಹ್ನೆಯಿಂದ ಯಾರ ಕಾರ್ಖಾನೆಯ ಮಾಲು ಅಂತಲೇ ತಿಳಿಯಲ್ಲ.

ಇನ್ನೊಂದು ಹೆಲ್ಮೆಟ್‌ನ ಗುರುತಿನ ಫೋಟೋದಲ್ಲಿ ಎಲ್ಲಾ ಸರಿಯಾದ ಜಾಗದಲ್ಲೇ ಇದೆ ಅಂತಿಟ್ಟುಕೊಳ್ಳಿ. ಈಗ ಆ ಲೈಸೆನ್ಸ್ ಸಂಖ್ಯೆಯನ್ನು ಐಎಸ್‌ಐ ಗುರುತು ಕೊಡುವ ಸಂಸ್ಥೆಯಾದ ಬಿಐಎಸ್‌ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ, ಲೈಸೆನ್ಸ್ ಪರಿಶೀಲಿಸುವ ಕಡೆ ಹಾಕಿ. ಬರುವ ವಿವರದಲ್ಲಿ ಮೂರು ವಿಷಯ ನೋಡಿ: ಮಾನಕ 4151 ತಾನೇ? ಲೈಸೆನ್ಸ್ ಈಗಲೂ ಚಾಲ್ತಿಯಲ್ಲಿದೆಯಾ? ಕಂಪನಿ ಹೆಸರು ಹೆಲ್ಮೆಟ್ ಮೇಲಿರುವ ಹೆಸರಿಗೆ ಹೊಂದುತ್ತಾ? ಬೇರೆ ಯಾವುದೋ ವಸ್ತುವಿನ ಸಂಖ್ಯೆ ತಂದು ಅಂಟಿಸಿದ್ದರೆ ಇಲ್ಲೇ ಸಿಕ್ಕಿಬೀಳುತ್ತೆ.

ಸಿಕ್ಕಿಬೀಳದೇ ಇರೋದು ಒಂದಿದೆ. ಅಸಲಿ ಕಂಪನಿಯ ಹೆಸರು, ಸಂಖ್ಯೆ ಎರಡನ್ನೂ ಹಾಗೇ ನಕಲು ಮಾಡಿದ್ದರೆ ಆ್ಯಪ್ ಎಲ್ಲಾ ಸರಿ ಅಂತಲೇ ತೋರಿಸುತ್ತೆ. ಆಗ ಮತ್ತೆ ಪಟ್ಟಿಯ ಫೋಟೋಗೆ ಬನ್ನಿ, ಅದೇ ಮಾದರಿಯ ಫೋಟೋವನ್ನು ಕಂಪನಿಯ ಸೈಟ್‌ನಲ್ಲಿ ತೆರೆದು ಬಕಲ್, ಹೊಲಿಗೆ, ಅಂಚಿನ ರಬ್ಬರ್ ಒಂದೊಂದಾಗಿ ಪಕ್ಕಪಕ್ಕ ಇಟ್ಟು ನೋಡಿ. ಹೊಂದದಿದ್ದರೆ ಆರ್ಡರ್ ಮಾಡಬೇಡಿ.