ಬಸ್ಸು ಬಂದಳು, ಬಸ್ಸು ಬಂದನು

ಕೇಳುಗರೇ, ನಮಸ್ಕಾರ. ಬೆಂಗಳೂರಿಗೆ ಕೆಲಸಕ್ಕೆಂದು ಬಂದವರಿಗೆ ನಾನು ಸಂಜೆ ಹೊತ್ತು ಕನ್ನಡ ಹೇಳಿಕೊಡುತ್ತೇನೆ. ಒಂದು ದಿನ ಲಖನೌ ಕಡೆಯ ಒಬ್ಬರು ತಡವಾಗಿ ಬಂದರು. "ಸಾರಿ ಸರ್, ಬಸ್ಸು ಲೇಟಾಗಿ ಬಂದಳು" ಅಂದರು. ನಗು ತಡೆದುಕೊಂಡೆ. ಹಿಂದಿಯಲ್ಲಿ ಬಸ್ಸು ಹೆಣ್ಣು, ಅದು ಹಾಗೇ ಕನ್ನಡಕ್ಕೆ ಇಳಿದಿದೆ ಅಂದುಕೊಂಡೆ. ಅಷ್ಟರಲ್ಲಿ ಪಟ್ನಾದವರೊಬ್ಬರು, "ಹೌದು, ನನ್ನ ಬಸ್ಸೂ ಲೇಟಾಗಿ ಬಂದನು" ಅಂದುಬಿಟ್ಟರು! ಇವರೂ ಹಿಂದಿಯವರೇ. ಹಿಂದಿಯೇ ಕಾರಣವಾದರೆ ಇವರ ಬಸ್ಸು ಗಂಡಾಗಿದ್ದು ಹೇಗೆ?

ಆ ವಾರ ಎಂಟು ಪದಗಳ ಪಟ್ಟಿ ಮಾಡಿದೆ. ಬಸ್ಸು, ರೈಲು, ಚಹಾ, ರೊಟ್ಟಿ, ಈ ನಾಲ್ಕು ಹಿಂದಿಯಲ್ಲಿ ಹೆಣ್ಣು. ಹಾಲು, ಫೋನು, ಟ್ರಕ್ಕು, ಊಟ, ಇವು ಗಂಡು. ಸೂರ್ಯ, ಚಂದ್ರ ಬೇಡ ಅಂತ ಬಿಟ್ಟೆ. 'ಸೂರ್ಯ ಮುಳುಗಿದ' ಅಂತ ನಾವೇ ಹೇಳ್ತೀವಲ್ಲ! ಪ್ರತಿ ಪದಕ್ಕೂ 'ಬಂತು' ಸೇರಿಸಿ ಹೇಳಬೇಕು, ಅಷ್ಟೇ. ಆದರೆ ಆ 'ಬಂತು' ಅನ್ನೋದನ್ನ ನಾನು ಬಾಯಿ ಬಿಟ್ಟು ಹೇಳಲಿಲ್ಲ.

ಲಖನೌದವರ ಚಹಾ 'ಬಂದಳು', ಫೋನು 'ಬಂದನು'. ಎಂಟಕ್ಕೆ ಏಳು ತಪ್ಪು, ಏಳೂ ಹಿಂದಿಯ ಲಿಂಗದಂತೆಯೇ. ಪಟ್ನಾದವರಿಗೆ ಮಾತ್ರ ಚಹಾ, ಫೋನು, ರೊಟ್ಟಿ, ಎಲ್ಲವೂ 'ಬಂದನು'. ನಡುವೆ 'ತಂಗಿ' ಅಂತ ಸೇರಿಸಿದೆ. ಥಟ್ಟನೆ 'ಬಂದಳು' ಅಂದರು. ಅವರ ನೋಟ್‌ಬುಕ್ ಕೇಳಿ ನೋಡಿದೆ. ಹೆಂಗಸಾದರೆ ಬಂದಳು, ಉಳಿದದ್ದಕ್ಕೆಲ್ಲ ಬಂದನು ಅಂತ ಬರೆದುಕೊಂಡಿದ್ದರು. ತಪ್ಪು ನನ್ನದೇ. ಮೊದಲ ಪಾಠದಲ್ಲಿ ಅವನು, ಅವಳು ಎರಡನ್ನೇ ಹೇಳಿ, 'ಅದು' ಆಮೇಲೆ ನೋಡೋಣ ಅಂದಿದ್ದೆ.

ಅಂದರೆ, ತಪ್ಪು ಯಾವುದರ ಹಿಂದೆ ಹೋಗುತ್ತದೆ ಅಂತ ನೋಡಬೇಕು. ತಾಯ್ನುಡಿಯ ಹಿಂದೆ ಹೋದರೆ ಒಂದು ಕಾರಣ, ನಾವು ಹೇಳಿಕೊಟ್ಟ ಅರ್ಧ ನಿಯಮದ ಹಿಂದೆ ಹೋದರೆ ಇನ್ನೊಂದು. ಬೇರೆ ನುಡಿಯವರನ್ನು ಕೇಳಿದರೂ ಗೊತ್ತಾಗುತ್ತದೆ. ತಮಿಳಿನಲ್ಲಿ ಬಸ್ಸು ನಮ್ಮಂತೆಯೇ 'ಅದು'. ಹಾಗಾಗಿ ತಮಿಳಿನವರೂ 'ಬಸ್ಸು ಬಂದನು' ಅಂದರೆ ನನ್ನ ಪಾಠದ ಮೇಲೆಯೇ ಅನುಮಾನ. ತೆಲುಗಿನಲ್ಲಿ ಅಮ್ಮನಿಗೂ ಬಸ್ಸಿಗೂ ಒಂದೇ 'ವಚ್ಚಿಂದಿ'. ಅವರು ಬಸ್ಸನ್ನು ಸರಿಯಾಗಿ ಹೇಳಿ, 'ತಂಗಿ ಬಂತು' ಅನ್ನುತ್ತಾರೆ. ಎರಡೂ ಕಾರಣ ಬೆರೆತಿರುವ ತಪ್ಪುಗಳೂ ಇವೆ. ಅಲ್ಲಿ ಈ ಪಟ್ಟಿ ಜಾಸ್ತಿ ಸಹಾಯ ಮಾಡುವುದಿಲ್ಲ.

ಪಟ್ನಾದವರಿಗೆ ಬೋರ್ಡಿನ ಮೇಲೆ ಮೂರನೇ ಸಾಲು ಬರೆದು ತೋರಿಸಿದೆ: ಅದು ಬಂತು. ಮುಂದಿನ ಕ್ಲಾಸಿಗೆ ಸರಿಹೋಯಿತು. ಲಖನೌದವರಿಗೆ ಆ ನಿಯಮ ಮೊದಲೇ ಗೊತ್ತಿತ್ತು, ನಿಧಾನವಾಗಿ ಬರೆದರೆ ತಪ್ಪುತ್ತಿರಲಿಲ್ಲ. ಅವರಿಗೆ ಮತ್ತೆ ನಿಯಮ ಹೇಳಿ ಏನು ಪ್ರಯೋಜನ, ಅಲ್ವಾ? ಹಿಂದಿಯಲ್ಲಿ ಹೆಣ್ಣಾದ ಪದಗಳನ್ನೇ ಆರಿಸಿ, ದಿನಾ ಐದು ನಿಮಿಷ ಬಾಯಲ್ಲಿ ಹೇಳಿಸಿದೆ. ಎರಡು ತಿಂಗಳಾದ ಮೇಲೂ ಒಮ್ಮೊಮ್ಮೆ, "ಸರ್, ಚಹಾ ಬಂದಳು..." ಅನ್ನುತ್ತಾರೆ. ನಾಲಿಗೆ ಕಚ್ಚಿಕೊಂಡು, "ಬಂತು, ಬಂತು" ಅನ್ನುತ್ತಾರೆ.